‘ಕಳಿಸಿದ್ದೆ’ ಅಂದ್ರೆ ‘ಹ್ಯಾಡ್ ಸೆಂಟ್’ ಅಲ್ಲ

ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನನ್ನ ಕೆಲಸ. ಹೊರದೇಶದ ಖರೀದಿದಾರರಿಗೆ ಮೇಲ್ ಬರೆಯುವುದೂ ನಾನೇ. ಒಮ್ಮೆ ಇಂಗ್ಲೆಂಡಿನ ಒಬ್ಬರಿಗೆ ಹೀಗೆ ಬರೆದೆ: ‘ಐ ಹ್ಯಾಡ್ ಸೆಂಟ್ ಸ್ಯಾಂಪಲ್ ಆನ್ ಮಂಡೇ.’ ರೋಬಸ್ಟಾ ಚೆರ್ರಿ ಎಬಿ ದರ್ಜೆಯ ಕಾಫಿ, 350 ಗ್ರಾಂ, ಸೋಮವಾರವೇ ಕೊರಿಯರ್‌ಗೆ ಕೊಟ್ಟಾಗಿತ್ತು. ಅವರ ಉತ್ತರದಲ್ಲಿ ಎರಡು ಪ್ರಶ್ನೆ ಇತ್ತು: ಪಾರ್ಸೆಲ್ ವಾಪಸ್ ಬಂತಾ? ನೀವು ಹೇಳ್ತಿರೋದು ಯಾವ ಸ್ಯಾಂಪಲ್?

ವಾಪಸ್ ಬಂತಾ ಅಂತ ಯಾಕೆ ಕೇಳಿದರು ಅಂತ ತುಂಬಾ ಹೊತ್ತು ಹೊಳೆಯಲಿಲ್ಲ. ಕನ್ನಡದಲ್ಲಿ ‘ಸೋಮವಾರ ಕಳಿಸಿದ್ದೆ’ ಅಂದರೆ ಸುಮ್ನೆ ನೆನಪಿಸುವ ಮಾತು, ಅಷ್ಟೇ. ಇಂಗ್ಲಿಷಿನಲ್ಲಿ ‘ಹ್ಯಾಡ್’ ಬಂದರೆ ಆಮೇಲೆ ಇನ್ನೇನೋ ನಡೆದಿದೆ ಅಂತ ಓದುವವರು ಕಾಯುತ್ತಾರೆ. ನಿಮ್ಮ ಮೇಲ್ ಬರೋ ಹೊತ್ತಿಗೆ ಲಾರಿ ಹೊರಟಾಗಿತ್ತು ಅನ್ನುವಂಥ ಕಡೆ, ಅಂದರೆ ಎರಡು ಹಳೆಯ ಸಂಗತಿಗಳಲ್ಲಿ ಯಾವುದು ಮೊದಲು ಅಂತ ತೋರಿಸಬೇಕಾದಾಗ ಮಾತ್ರ ಅದು ಬೇಕು.

ಇದರ ತಮ್ಮನಂಥ ತಪ್ಪು ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್ಡೇ.’ ‘ನಿನ್ನೆ ಕಳಿಸಿದ್ದೇನೆ’ ನಮಗೆ ಪೂರ್ತಿ ಸರಿ, ಅದಕ್ಕೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಈಗ ನಾನು ಮಾಡುವುದು ಇಷ್ಟು: ಮೇಲ್ ಕಳಿಸುವ ಮುಂಚೆ ‘ಹ್ಯಾವ್’, ‘ಹ್ಯಾಡ್’ ಇರುವ ಕಡೆಯೆಲ್ಲ ಬೆರಳಿಟ್ಟು, ಪಕ್ಕದಲ್ಲಿ ನಿನ್ನೆ, ಸೋಮವಾರ, ಕಳೆದ ವಾರ ಅಂತ ಮುಗಿದುಹೋದ ಸಮಯ ಇದೆಯಾ ನೋಡುತ್ತೇನೆ. ಇದ್ದರೆ ಹೆಚ್ಚಿನ ಕಡೆ ಬರೀ ‘ಸೆಂಟ್’ ಸಾಕು. ಸಮಯವನ್ನೇ ಹೇಳದೆ, ಕೆಲಸ ಆಗಿದೆ ಅಂತಷ್ಟೇ ತಿಳಿಸುವುದಾದರೆ ‘ಹ್ಯಾವ್ ಸೆಂಟ್’. ‘ಈ ವಾರ’ ಇನ್ನೂ ಮುಗಿದಿಲ್ಲ ಅಲ್ವಾ, ಹಾಗಾಗಿ ಅದರ ಜೊತೆಗೂ ‘ಹ್ಯಾವ್’ ನಡೆಯುತ್ತದೆ.

ಎರಡನೇ ಪ್ರಶ್ನೆ ಬಂದದ್ದು ‘ಎ’, ‘ದಿ’ ಎರಡನ್ನೂ ಬಿಟ್ಟಿದ್ದಕ್ಕೆ. ಅವರು ಅದಕ್ಕೂ ಮೊದಲು ಅರೇಬಿಕಾ ಪ್ಲಾಂಟೇಶನ್ ಎ ದರ್ಜೆಯ ಸ್ಯಾಂಪಲ್ ಕೂಡ ಕೇಳಿದ್ದರು. ಬರೀ ‘ಸ್ಯಾಂಪಲ್’ ಅಂದರೆ ಯಾವುದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಈಗ ಹೆಸರಿನ ಹಿಂದೆ ಮನಸ್ಸಿನಲ್ಲೇ ‘ಆ’ ಸೇರಿಸಿ ನೋಡುತ್ತೇನೆ. ‘ನೀವು ಕೇಳಿದ ಆ ಸ್ಯಾಂಪಲ್’ ಅಂತ ಕೂತರೆ ‘ದಿ’. ‘ಯಾವುದೋ ಒಂದು’ ಅಂತ ಕೂತರೆ ‘ಎ’. ಎಲ್ಲ ಕಡೆ ಇದು ನಡೆಯಲ್ಲ. ‘ಮ್ಯಾನೇಜರ್ ರಜೆಯಲ್ಲಿದ್ದಾರೆ’ ಅನ್ನುವಾಗ ನಾವು ‘ಆ ಮ್ಯಾನೇಜರ್’ ಅನ್ನುವುದಿಲ್ಲ, ಇಂಗ್ಲಿಷಿಗೆ ಮಾತ್ರ ‘ದಿ’ ಬೇಕೇ ಬೇಕು. ಕಾಫಿಯಂಥ, ಎಣಿಸದೆ ತೂಗುವ ಸರಕನ್ನು ಒಟ್ಟಾರೆಯಾಗಿ ಹೇಳುವಾಗ ಎರಡೂ ಬೇಡ.

ಅವತ್ತು ತಿದ್ದಿ ಮತ್ತೆ ಕಳಿಸಿದ್ದು: ‘ಐ ಸೆಂಟ್ ದಿ ರೋಬಸ್ಟಾ ಸ್ಯಾಂಪಲ್ ಆನ್ ಮಂಡೇ. ಐ ವಿಲ್ ಸೆಂಡ್ ದಿ ಅರೇಬಿಕಾ ಸ್ಯಾಂಪಲ್ ಟುಮಾರೋ.’ ಅದಕ್ಕೆ ಪ್ರಶ್ನೆ ಬರಲಿಲ್ಲ, ಕೊರಿಯರ್ ನಂಬರ್ ಮಾತ್ರ ಕೇಳಿದರು.