ಅರಬಿಯ ‘ಅಲ್ಲದೀ’ ನನಗೆ ದಾರಿಗೆ ಬಂದದ್ದು

ಅರಬಿ ಕಲಿಯಲು ಶುರುಮಾಡಿ ಕೆಲವು ತಿಂಗಳಾಗಿತ್ತು. ‘ಗೆಳೆಯ ಬರೆದ ಒಂದು ಪುಸ್ತಕ ನನಗೆ ಸಿಕ್ಕಿತು’ ಅನ್ನೋದನ್ನು ಅರಬಿಯಲ್ಲಿ ಹೀಗೆ ಬರೆದಿದ್ದೆ: ‘ವಜದ್ತು ಕಿತಾಬನ್ ಅಲ್ಲದೀ ಕತಬಹು ಸದೀಖೀ’. ಮೇಷ್ಟ್ರು ‘ಅಲ್ಲದೀ’ ಅನ್ನೋ ಪದವನ್ನು ಹೊಡೆದುಹಾಕಿದರು. ಮುಂದಿನ ಸಾಲಿನಲ್ಲಿ ಅದನ್ನು ನಾನು ಬಿಟ್ಟಿದ್ದೆ. ಅಲ್ಲಿ ಅವರೇ ಸೇರಿಸಿದರು. ನನಗೆ ತಲೆ ಕೆಟ್ಟಿತು.

‘ಅಲ್ಲದೀ’ ಎಂದರೆ ‘ಯಾವುದು, ಯಾವನು’ ಎಂಬ ಸಂಬಂಧವಾಚಕ ಪದ. ನಮ್ಮ ‘ಅಲ್ಲದ’ಕ್ಕೂ ಇದಕ್ಕೂ ಯಾವ ನಂಟೂ ಇಲ್ಲ, ಕೇಳಲು ಹಾಗಿದೆ ಅಷ್ಟೇ. ನನ್ನ ತಪ್ಪು ಏನೆಂದರೆ, ಇದನ್ನು ಎರಡು ವಾಕ್ಯ ಜೋಡಿಸುವ ಕೊಂಡಿ ಅಂದುಕೊಂಡಿದ್ದೆ. ಕೊಂಡಿ ಅಂದಮೇಲೆ ಎಲ್ಲ ಕಡೆಯೂ ಬೇಕಲ್ವಾ?

ಬೇಕಿಲ್ಲ. ನನಗೆ ಇದು ಬಿಡಿಸಿಕೊಂಡದ್ದು ಬರೀ ಗುಣವಾಚಕಗಳನ್ನು ನೋಡಿದಾಗ. ‘ಒಂದು ದೊಡ್ಡ ಮನೆ’ ಅಂದರೆ ‘ಬೈತುನ್ ಕಬೀರುನ್’. ‘ಆ ದೊಡ್ಡ ಮನೆ’ ಅಂದರೆ ‘ಅಲ್-ಬೈತು ಅಲ್-ಕಬೀರು’. ಮನೆಗೆ ‘ಅಲ್’ ಬಂದರೆ ದೊಡ್ಡದಕ್ಕೂ ‘ಅಲ್’ ಬರಬೇಕು, ಮನೆಗೆ ಇಲ್ಲದಿದ್ದರೆ ದೊಡ್ಡದಕ್ಕೂ ಇಲ್ಲ. ಈಗ ‘ಗೆಳೆಯ ಬರೆದ’ ಅನ್ನೋದನ್ನೂ ಒಂದು ಉದ್ದದ ಗುಣವಾಚಕ ಅಂದುಕೊಳ್ಳಿ. ಕ್ರಿಯಾಪದದ ಮುಂದೆ ‘ಅಲ್’ ಅಂಟಿಸಲು ಆಗುವುದಿಲ್ಲ. ಆ ಕೆಲಸ ಮಾಡಲು ಬರುವುದೇ ‘ಅಲ್ಲದೀ’. ನಾಮಪದ ಗೊತ್ತಿರುವ, ನಿರ್ದಿಷ್ಟ ವಸ್ತುವಾದರೆ ಅದು ಬೇಕೇ ಬೇಕು: ‘ಅಲ್-ಕಿತಾಬು ಅಲ್ಲದೀ ಕತಬಹು ಸದೀಖೀ’. ಯಾವುದೋ ಒಂದು ಪುಸ್ತಕವಾದರೆ ಸುಮ್ನೆ ‘ಕಿತಾಬುನ್ ಕತಬಹು ಸದೀಖೀ’. ಎರಡರಲ್ಲೂ ‘ಕತಬಹು’ವಿನ ಕೊನೆಯ ‘ಹು’ ಗಮನಿಸಿ: ‘ಅದನ್ನು’ ಎಂದರ್ಥ. ನಾಮಪದದ ಕಡೆಗೆ ಹಿಂತಿರುಗಿ ಬೆರಳು ತೋರಿಸುವ ಈ ಸರ್ವನಾಮ ಕನ್ನಡದ ‘ಬರೆದ ಪುಸ್ತಕ’ದಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಬಹಳ ಕಾಲ ಮರೆಯುತ್ತಿದ್ದೆ. ‘ನಾನು ಇದ್ದ ಊರು’ ಅನ್ನಲು ಅರಬಿಯಲ್ಲಿ ‘ಮದೀನತುನ್ ಸಕನ್ತು ಫೀಹಾ’, ಅಂದರೆ ‘ಅದರಲ್ಲಿ ನಾನಿದ್ದೆ’ ಎನ್ನಬೇಕು. ಆ ‘ಫೀಹಾ’ ಬಿಟ್ಟರೆ ವಾಕ್ಯ ಕುಂಟುತ್ತದೆ.

‘ಅಲ್ಲದೀ’ ಬಿಟ್ಟರೆ ಏನಾಗುತ್ತದೆ? ‘ಅಲ್-ಕಿತಾಬು ಕತಬ್ತುಹು’ ತಪ್ಪಲ್ಲ, ಆದರೆ ಬೇರೆ ಮಾತು. ‘ಆ ಪುಸ್ತಕ ನಾನು ಬರೆದೆ’ ಎಂಬ ಪೂರ್ತಿ ವಾಕ್ಯ ಅದು. ನನ್ನ ‘ನಾನು ಬರೆದ ಪುಸ್ತಕ ಇಲ್ಲಿದೆ’ ಅನ್ನೋ ವಾಕ್ಯ ಹೀಗೆ ಅರ್ಧದಲ್ಲೇ ಮುಗಿದುಹೋಗಿತ್ತು.

ಇನ್ನೊಂದು ಕಡೆಯೂ ಜಾರಿದೆ. ‘ರಅಯ್ತು ತಿಫ್ಲನ್ ಯಬ್ಕೀ’ ಅಂದರೆ ‘ಅಳುತ್ತಿದ್ದ ಒಂದು ಮಗುವನ್ನು ನೋಡಿದೆ’. ಮಗುವಿಗೆ ‘ಅಲ್’ ಹಚ್ಚಿ ಉಳಿದದ್ದನ್ನು ಹಾಗೇ ಬಿಟ್ಟರೆ ‘ಆ ಮಗು ಅಳುತ್ತಿರುವುದನ್ನು ನೋಡಿದೆ’ ಆಗುತ್ತದೆ. ಅಳು ಈಗ ಮಗುವಿನ ಗುರುತಲ್ಲ, ನಾನು ನೋಡಿದಾಗ ಅದಿದ್ದ ಸ್ಥಿತಿ. ಅರಬಿ ವ್ಯಾಕರಣದವರು ಇದನ್ನೇ ಒಂದು ಸೂತ್ರ ಮಾಡಿಟ್ಟಿದ್ದಾರೆ: ಅನಿರ್ದಿಷ್ಟ ಪದದ ನಂತರ ಬರುವ ವಾಕ್ಯ ವಿಶೇಷಣ, ನಿರ್ದಿಷ್ಟ ಪದದ ನಂತರ ಬರುವ ವಾಕ್ಯ ‘ಹಾಲ್’, ಅಂದರೆ ಸ್ಥಿತಿ. ‘ಅಳುತ್ತಿದ್ದ ಆ ಮಗು’ ಎಂದೇ ಹೇಳಬೇಕಾದರೆ ‘ಅಲ್ಲದೀ’ ತರಲೇಬೇಕು.

‘ಅಲ್’ ಹುಡುಕಿದರೆ ಸಾಕು ಅಂದುಕೊಂಡು ಮತ್ತೆ ಎಡವಿದೆ. ‘ಕಿತಾಬೀ’, ಅಂದರೆ ‘ನನ್ನ ಪುಸ್ತಕ’. ‘ಅಲ್’ ಇಲ್ಲ, ಆದರೂ ನಿರ್ದಿಷ್ಟ, ‘ಅಲ್ಲದೀ’ ಬೇಕು. ವ್ಯಕ್ತಿಯ ಹೆಸರೂ ಹಾಗೇ. ಲಿಂಗ, ವಚನಕ್ಕೆ ತಕ್ಕಂತೆ ರೂಪ ಬದಲಾಗುವುದು (ಅಲ್ಲತೀ, ಅಲ್ಲದೀನ) ಕಂಠಪಾಠದ ಕೆಲಸ. ಒಂದೇ ವಿಚಿತ್ರ: ಮನುಷ್ಯರಲ್ಲದ ವಸ್ತುಗಳ ಬಹುವಚನ ಏಕವಚನದ ಹೆಣ್ಣಿನಂತೆ ನಡೆಯುತ್ತದೆ. ಹಾಗಾಗಿ ಪುಸ್ತಕಗಳಿಗೆ ‘ಅಲ್ಲತೀ’.

ಓದುವಾಗ ಕಷ್ಟ ಉಲ್ಟಾ. ‘ಜಾಅ ರಜುಲುನ್ ಯಬ್ಕೀ’ ಅನ್ನೋದನ್ನು ‘ಒಬ್ಬ ಬಂದ. ಅವನು ಅಳುತ್ತಾನೆ’ ಎಂದು ಎರಡು ವಾಕ್ಯವಾಗಿ ಓದಿದ್ದೆ. ಕೊಂಡಿ ಕಾಣಲಿಲ್ಲವಲ್ಲ! ಮುದ್ರಿತ ಅರಬಿಯಲ್ಲಿ ‘ಯಾವುದೋ ಒಂದು’ ಎಂದು ತೋರಿಸುವ ಆ ‘ಉನ್’ ಗುರುತೂ ಸಾಮಾನ್ಯವಾಗಿ ಇರುವುದಿಲ್ಲ. ಈಗ ‘ಅಲ್’ ಇಲ್ಲದ ನಾಮಪದದ ಪಕ್ಕದಲ್ಲೇ ಕ್ರಿಯಾಪದ ಬಂದರೆ ನಿಂತು ನೋಡುತ್ತೇನೆ. ಅದರ ಕರ್ತೃವೋ ಒಂದು ‘ಹು’ವೋ ‘ಹಾ’ವೋ ಆ ನಾಮಪದವನ್ನೇ ಹಿಡಿದುಕೊಂಡಿದ್ದರೆ, ‘ಅಳುತ್ತಿದ್ದ ಒಬ್ಬ ಬಂದ’ ಎಂದು ಹಿಂದುಮುಂದು ಮಾಡಿ ಓದಿ ನೋಡುತ್ತೇನೆ. ಬಹಳ ಸಲ ಅದೇ ಸರಿಯಾಗಿರುತ್ತದೆ.

ಕನ್ನಡದಿಂದ ಅರಬಿಗೆ ಬರೆಯುವಾಗ ಮೊದಲು ಕನ್ನಡವನ್ನೇ ಕೆದಕುತ್ತೇನೆ. ‘ಗೆಳೆಯ ಬರೆದ ಪುಸ್ತಕ ಸಿಕ್ಕಿತು’ ಎಂಬಲ್ಲಿ ‘ಒಂದು ಪುಸ್ತಕ’ ಎಂದಿಡಬಹುದೋ, ‘ಆ ಪುಸ್ತಕ’ ಎಂದಿಡಬೇಕೋ? ‘ಆ’ ಕೂತರೆ ‘ಅಲ್ಲದೀ’ ಬರೆಯುತ್ತೇನೆ, ‘ಒಂದು’ ಕೂತರೆ ಬಿಡುತ್ತೇನೆ. ಎರಡೂ ಕೂರುವ ವಾಕ್ಯಗಳೇ ಜಾಸ್ತಿ. ಅಲ್ಲಿ ಹಿಂದಿನ ಸಾಲುಗಳಿಗೆ ಹೋಗಿ, ಆ ಪುಸ್ತಕದ ಮಾತು ಆಗಲೇ ಬಂದಿದೆಯಾ ಎಂದು ಹುಡುಕಬೇಕಾಗುತ್ತದೆ.