ರಾತ್ರಿ ಹತ್ತು ಗಂಟೆಯ 34 ಡಿಗ್ರಿ

ತುಮಕೂರಿನಲ್ಲಿ ಓದುವಾಗ ನಮ್ಮ ರೂಮು ಹಾಸ್ಟೆಲ್‌ನ ಮೇಲಿನ ಮಹಡಿಯಲ್ಲಿತ್ತು. ತಲೆ ಮೇಲೆ ನೇರ ತಾರಸಿ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋದ ಮೇಲೆ ಒಂದು ವಾರ ಹೇಗೋ ಕಳೆದೆವು. ಆಮೇಲೆ ನಿದ್ದೆ ಅನ್ನೋದೇ ಇಲ್ಲ. ಫ್ಯಾನ್ ಹಾಕಿದರೆ ಮೇಲಿನ ಬಿಸಿಗಾಳಿ ಕೆಳಗೆ ಬರುತ್ತಿತ್ತು, ಅಷ್ಟೇ.

ಮೊದಲ ಪತ್ರ ಎಲ್ಲರೂ ಬರೆಯೋ ಹಾಗೇ ಬರೆದೆ. 'ರೂಮಿನಲ್ಲಿ ತುಂಬಾ ಸೆಖೆ ಇದೆ, ಓದಲು ಆಗುತ್ತಿಲ್ಲ, ದಯವಿಟ್ಟು ಕ್ರಮ ಕೈಗೊಳ್ಳಿ.' ವಾರ್ಡನ್ ಓದಿ ನಕ್ಕರು. "ಏನಪ್ಪ, ಬೇಸಿಗೇಲಿ ಸೆಖೆ ಆಗದೆ ಇನ್ನೇನಾಗುತ್ತೆ? ಒಂದ್ಸಲ ಪಾವಗಡಕ್ಕೆ ಹೋಗಿ ನೋಡು" ಅಂದರು. ಪಕ್ಕದಲ್ಲೇ ನಿಂತಿದ್ದ ನನ್ನ ರೂಮ್‌ಮೇಟ್ ಪಾವಗಡದವನೇ. ಹೊರಗೆ ಬಂದ ಮೇಲೆ ಅವನು ಹೇಳಿದ: "ನಮ್ಮೂರಲ್ಲಿ ಹಗಲು ಬೆಂಕಿ ನಿಜ. ಆದ್ರೆ ರಾತ್ರಿ ಅಂಗಳದಲ್ಲಿ ಚಾಪೆ ಹಾಕಿದ್ರೆ ತಣ್ಣಗಿರುತ್ತೆ ಕಣೋ. ಇಲ್ಲಿ ರಾತ್ರೀನೇ ಜಾಸ್ತಿ."

ಆ ಮಾತು ಹಿಡಿದುಕೊಂಡೆ. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟ್ ಆ ಶಾಖವನ್ನು ಕೂಡಲೇ ಒಳಗೆ ಬಿಡುವುದಿಲ್ಲ. ಕೆಲವು ಗಂಟೆ ಹಿಡಿದಿಟ್ಟುಕೊಂಡು, ಸಂಜೆಯಿಂದ ಬಿಡಲು ಶುರು ಮಾಡುತ್ತದೆ. ಅಂದರೆ ಹೊರಗೆ ತಂಪಾಗುವ ಹೊತ್ತಿಗೆ ನಮ್ಮ ರೂಮು ಕಾಯುತ್ತದೆ. ದೂರಿನಲ್ಲಿ ಹೇಳಬೇಕಾದದ್ದು ಇದನ್ನೇ. ಊರಿನ ಸೆಖೆಗೆ ವಾರ್ಡನ್ ಏನೂ ಮಾಡಲಾರರು. ಆದರೆ ಹೊರಗಿನದಕ್ಕಿಂತ ನಮ್ಮ ರೂಮಿನಲ್ಲಿ ಎಷ್ಟು ಜಾಸ್ತಿ ಇದೆಯೋ, ಅದು ಕಟ್ಟಡದ ತೊಂದರೆ.

ಗೋಡೆಗೆ ಹಾಕುವ ಗಾಜಿನ ಕಡ್ಡಿಯ ಥರ್ಮಾಮೀಟರ್ ಎರಡು ತಂದೆವು. ತಂದ ದಿನವೇ ಎರಡನ್ನೂ ಒಂದೇ ಕಡೆ ಒಂದು ಗಂಟೆ ಇಟ್ಟು ನೋಡಿದಾಗ ಒಂದು ಇನ್ನೊಂದಕ್ಕಿಂತ 1 ಡಿಗ್ರಿ ಹೆಚ್ಚು ತೋರಿಸಿತು. ಯಾವುದು ಸರಿ? ಮೆಸ್ಸಿನಿಂದ ಐಸ್ ತಂದು, ಪುಡಿ ಮಾಡಿ, ಸ್ವಲ್ಪ ನೀರು ಹಾಕಿ, ಲೋಟದಲ್ಲಿ ಎರಡರ ಬುಡವನ್ನೂ ಅದ್ದಿದೆವು. ಕರಗುವ ಐಸಿನಲ್ಲಿ ಸೊನ್ನೆ ಬರಬೇಕು. ಒಂದು ಸೊನ್ನೆಗೆ ಬಂತು, ಇನ್ನೊಂದು 1ರಲ್ಲೇ ನಿಂತಿತು. ಅದರ ಹಲಗೆಯ ಮೇಲೆ ಪೆನ್ನಿನಲ್ಲಿ '1 ಕಳೆ' ಅಂತ ಬರೆದೆವು.

ಸರಿಯಿದ್ದದ್ದನ್ನು ನಮ್ಮ ರೂಮಿನಲ್ಲಿ ಇಟ್ಟುಕೊಂಡೆವು. ಇನ್ನೊಂದು ನೆಲಮಹಡಿಯಲ್ಲಿ, ಸರಿಯಾಗಿ ನಮ್ಮ ಕೆಳಗಿದ್ದ ರೂಮಿಗೆ ಹೋಯಿತು. ಅಲ್ಲಿನ ಜೂನಿಯರ್‌ಗಳನ್ನು ಒಪ್ಪಿಸಲು ಎರಡು ತಟ್ಟೆ ಇಡ್ಲಿ ಖರ್ಚಾಯಿತು. ಎರಡೂ ರೂಮಿನಲ್ಲಿ ಜಾಗ ಒಂದೇ ಥರ ಇರಬೇಕು ಅನ್ನೋದು ಮುಖ್ಯ. ಬಿಸಿಲು ಬೀಳುವ ಹೊರಗೋಡೆ ಬೇಡ, ಲ್ಯಾಪ್‌ಟಾಪ್ ಪಕ್ಕ ಬೇಡ. ಒಳಗೋಡೆಯ ಮೇಲೆ, ಕುಳಿತಾಗ ತಲೆ ಬರುವಷ್ಟು ಎತ್ತರಕ್ಕೆ ನೇತುಹಾಕಿದೆವು. ಹೊರಗಿನದನ್ನು ನೋಡಲು ಒಂದನ್ನೇ ಕೈಯಲ್ಲಿ ಹಿಡಿದು ಹೋಗಿ, ಅಂಗಳದ ಬೇವಿನ ಮರಕ್ಕೆ ಹತ್ತು ನಿಮಿಷ ನೇತುಹಾಕುತ್ತಿದ್ದೆ. ಬುಡ ಮುಟ್ಟಬಾರದು, ಕೈಯ ಬಿಸಿಗೇ ಏರಿಬಿಡುತ್ತದೆ. ಫೋನಿನಲ್ಲಿ ಬರುವ ಹವಾಮಾನ ನೋಡಿ ಬರೆದರೆ ಸಾಲದಾ ಅಂತ ಒಬ್ಬ ಕೇಳಿದ. ಅದು ಊರಿನದು, ನಮ್ಮ ರೂಮಿನದಲ್ಲ.

ದಿನಕ್ಕೆ ಎರಡೇ ಸಲ ನೋಡಿ ಒಂದು ಪುಸ್ತಕದಲ್ಲಿ ಬರೆಯುತ್ತಿದ್ದೆವು, ಬೆಳಿಗ್ಗೆ 6ಕ್ಕೆ ಮತ್ತು ರಾತ್ರಿ 10ಕ್ಕೆ. ಮಧ್ಯಾಹ್ನ ಕ್ಲಾಸು, ಆಗ ರೂಮಿನಲ್ಲಿ ಯಾರೂ ಇರುವುದಿಲ್ಲ. ಊರಿಗೆ ಹೋದ ದಿನ ಖಾಲಿ ಬಿಟ್ಟೆವು. ರೂಮ್‌ಮೇಟ್ ಒಮ್ಮೆ ಅಂದಾಜಿಗೆ 35 ಅಂತ ತುಂಬಿಸಿದ್ದ. ನಾನು ಹೊಡೆದು ಹಾಕಿ 'ನೋಡಿಲ್ಲ' ಅಂತ ಬರೆದೆ. ಆಮೇಲೆ ವಾರ್ಡನ್ ಪುಸ್ತಕ ತಿರುವಿ ಹಾಕುವಾಗ ಮೊದಲು ಬೆರಳಿಟ್ಟಿದ್ದು ಆ ಹೊಡೆದ ಸಾಲಿನ ಮೇಲೇ. "ಇದೇನಿದು?" ಅಂದರು. ಹೇಳಿದೆ. ಆಮೇಲೆ ಬೇರೆ ಯಾವ ಅಂಕಿಯ ಬಗ್ಗೆಯೂ ಅನುಮಾನ ಪಡಲಿಲ್ಲ.

ಯುಗಾದಿ ಆಗಿ ಸ್ವಲ್ಪ ದಿನಕ್ಕೆ ಒಂದು ಸಂಜೆ ಮಳೆ ಬಂತು. ಜಾಸ್ತಿ ಏನಲ್ಲ, ಕಾಲು ಗಂಟೆ. ಹೊರಗೆ ಮಣ್ಣಿನ ವಾಸನೆ, ಎಲ್ಲರೂ ಅಂಗಳದಲ್ಲಿ. ರಾತ್ರಿ 10ಕ್ಕೆ ಬೇವಿನ ಮರದಡಿ 23 ಡಿಗ್ರಿ. ಮೇಲೆ ಬಂದು ನೋಡಿದರೆ ರೂಮಿನಲ್ಲಿ 32! ಮಂಚದ ಮೇಲೆ ನಿಂತು ಸೀಲಿಂಗಿಗೆ ಅಂಗೈ ಇಟ್ಟೆ. ಆಗ ತಾನೇ ಒಲೆಯಿಂದ ಇಳಿಸಿದ ರೊಟ್ಟಿ ಹೆಂಚು ತಣಿಯುತ್ತಾ ಬಂದಾಗ ಇರುತ್ತದಲ್ಲ, ಆ ಬೆಚ್ಚಗೆ.

ಐದು ವಾರ ಆದ ಮೇಲೆ ಎರಡನೇ ಪತ್ರ ಬರೆದೆ. ಒಂದೇ ಪುಟ. 'ವಿಷಯ' ಅನ್ನೋ ಸಾಲಿನಲ್ಲೇ ಮಾತು ಮುಗಿಯಬೇಕು ಅಂತ ಹೀಗೆ ಬರೆದೆ: 'ಮೇಲಿನ ಮಹಡಿಯ ರೂಮುಗಳು ರಾತ್ರಿ ಹೊತ್ತು ಹೊರಗಿಗಿಂತ 7 ಡಿಗ್ರಿ ಬಿಸಿ ಇರುವುದರ ಬಗ್ಗೆ.' ಕೆಳಗೆ:

'ಮಾನ್ಯರೇ, ಕಳೆದ ಐದು ವಾರದಲ್ಲಿ 31 ರಾತ್ರಿ 10 ಗಂಟೆಗೆ ತಾಪಮಾನ ನೋಡಿ ಬರೆದಿದ್ದೇವೆ. ನಮ್ಮ ರೂಮಿನಲ್ಲಿ ಸರಾಸರಿ 34 ಡಿಗ್ರಿ, ಕೆಳಗಿನ ರೂಮಿನಲ್ಲಿ 30, ಹೊರಗೆ 27. ಬೆಳಿಗ್ಗೆ 6ಕ್ಕೂ ನಮ್ಮ ರೂಮು 30ಕ್ಕಿಂತ ಕೆಳಗೆ ಇಳಿದದ್ದು ನಾಲ್ಕೇ ದಿನ. ಎರಡೂ ರೂಮಿನ ಅಳತೆ, ಕಿಟಕಿ, ಇರುವ ಜನ ಒಂದೇ. ವ್ಯತ್ಯಾಸ ತಾರಸಿ ಮಾತ್ರ. ಆದ್ದರಿಂದ ತಾರಸಿಗೆ ಬಿಳಿ ಸುಣ್ಣ ಹೊಡೆಸಬೇಕೆಂದೂ, ಬಣ್ಣ ಅಂಟಿ ಮುಚ್ಚಿಹೋಗಿರುವ ವೆಂಟಿಲೇಟರ್‌ಗಳನ್ನು ಬಿಡಿಸಿ ಸೊಳ್ಳೆ ಜಾಲರಿ ಹಾಕಿಸಬೇಕೆಂದೂ, ಅಲ್ಲಿಯವರೆಗೆ ಕೆಳಗಿನ ಹಾಲ್‌ನಲ್ಲಿ ಮಲಗಲು ಬಿಡಬೇಕೆಂದೂ ಕೋರುತ್ತೇವೆ.'

ಎಸಿ, ಕೂಲರ್ ಅಂತ ಕೇಳಲಿಲ್ಲ. ಕೇಳಿದ್ದರೆ 'ಮೇಲಿನವರಿಗೆ ಕಳಿಸ್ತೀನಿ' ಅಂತ ಪತ್ರ ಅಲ್ಲಿಗೇ ಹೋಗುತ್ತಿತ್ತು. ಪುಸ್ತಕದ ಪುಟಗಳ ಜೆರಾಕ್ಸ್ ಲಗತ್ತಿಸಿದೆ. ಮೇಲಿನ ಮಹಡಿಯ ಎಲ್ಲಾ ರೂಮುಗಳಿಂದ ಸಹಿ ಹಾಕಿಸಿದೆ. ಇನ್ನೊಂದು ಪ್ರತಿಯ ಮೇಲೆ 'ಸ್ವೀಕರಿಸಿದೆ' ಅಂತ ಸಹಿ, ತಾರೀಖು ಹಾಕಿಸಿಕೊಂಡೆ. ಮೊದಲ ಪತ್ರಕ್ಕೆ ಅದು ಮಾಡಿರಲಿಲ್ಲ, ಅದು ಈಗ ಎಲ್ಲಿದೆಯೋ!

ಹಾಲ್‌ನಲ್ಲಿ ಮಲಗಲು ಅವತ್ತೇ ಒಪ್ಪಿದರು. ಸುಣ್ಣಕ್ಕೆ ಸಾದಿಲ್ವಾರು ಖರ್ಚಿನಲ್ಲಿ ದುಡ್ಡು ಹೊಂದಿಸುತ್ತೇನೆ, ಕೂಲಿಗೆ ಆಗಲ್ಲ ಅಂದರು. ಹೊಡೆಯೋದು ನಾವೇ ಅಂದೆವು. ತಾರಸಿ ಗುಡಿಸಿ, ಪಾಚಿ ಉಜ್ಜಿ ತೆಗೆದೆವು. ಸುಣ್ಣವನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಅಂಟು ಬೆರೆಸಿ, ಭಾನುವಾರ ಎರಡು ಕೋಟ್. ನನ್ನ ಕಣ್ಣಿಗೆ ಒಂದು ಹನಿ ಹಾರಿ ಅರ್ಧ ಗಂಟೆ ನಲ್ಲಿಯ ಕೆಳಗೆ ಕಣ್ಣು ತೊಳೆದುಕೊಂಡು ಕೂತೆ. ಕನ್ನಡಕ ಹಾಕಿಕೊಳ್ಳಬೇಕಿತ್ತು.

ಆಮೇಲಿನ ಎರಡು ವಾರ ರಾತ್ರಿ ನಮ್ಮ ರೂಮು ಸರಾಸರಿ 31ಕ್ಕೆ ಇಳಿಯಿತು. ಮೂರು ಡಿಗ್ರಿ ಅಂತ ಹುಡುಗರು ಕುಣಿದರು. ಆದರೆ ಆ ಎರಡು ವಾರ ಮೋಡವೂ ಇತ್ತು, ಕೆಳಗಿನ ರೂಮೂ 29ಕ್ಕೆ ಬಂದಿತ್ತು. ಎರಡು ರೂಮಿನ ನಡುವಿನ ವ್ಯತ್ಯಾಸ 4 ಇದ್ದದ್ದು 2 ಆಯಿತು. ಸುಣ್ಣದಿಂದ ಇಳಿದದ್ದು ಆ 2 ಡಿಗ್ರಿ ಅಷ್ಟೇ, ಉಳಿದದ್ದು ಮೋಡದ್ದು. ವಾರ್ಡನ್‌ಗೂ ಹಾಗೇ ಹೇಳಿದೆ.

ವೆಂಟಿಲೇಟರ್ ಕೆಲಸ ನಾನು ಇರುವವರೆಗೂ ಆಗಲಿಲ್ಲ. ಸುಣ್ಣ ಮಳೆಗಾಲದಲ್ಲಿ ಅರ್ಧ ತೊಳೆದುಹೋಯಿತು, ಪ್ರತಿವರ್ಷ ಹೊಡೆಯಬೇಕು. ರೂಮು ಬಿಡುವಾಗ ಥರ್ಮಾಮೀಟರನ್ನು ಅದೇ ಮೊಳೆಗೆ ಬಿಟ್ಟು, ಪುಸ್ತಕ ಮತ್ತು ಸಹಿ ಇದ್ದ ಪ್ರತಿಯನ್ನು ಕೆಳಗಿನ ಜೂನಿಯರ್‌ಗಳಿಗೆ ಕೊಟ್ಟೆ. ಮುಂದಿನ ಬೇಸಿಗೆಗೆ ಅವರಿಗೆ ಬಂದದ್ದು ಅದೇ ರೂಮು. ಫೆಬ್ರವರಿಯಲ್ಲೇ ಪತ್ರ ಕೊಡಿ, ಏಪ್ರಿಲ್‌ವರೆಗೆ ಕಾಯಬೇಡಿ ಅಂತ ಹೇಳಿ ಬಂದೆ.