ಸಾಲದ ಕಂತಿನ ಪಟ್ಟಿ: ಆ ಒಂದು ರೂಪಾಯಿ ಎಲ್ಲಿ ಹೋಯಿತು?

ಸಣ್ಣ ಪತ್ತಿನ ಸಂಘಗಳ ಕಂತಿನ ಪಟ್ಟಿ ಕೈಗೆ ಸಿಕ್ಕರೆ ನಾನು ಮೊದಲು ಯಾವುದಾದರೂ ಒಂದು ಸಾಲಿನ ಬಡ್ಡಿ, ಅಸಲು ಎರಡನ್ನೂ ಕೂಡಿಸಿ ನೋಡುತ್ತೇನೆ. ಎಷ್ಟೋ ಸಲ ಅದು ಕಂತಿನ ಮೊತ್ತಕ್ಕೆ ಸರಿಹೋಗುವುದಿಲ್ಲ. ‘ಒಂದು ರೂಪಾಯಿ ತಾನೇ ಸಾರ್, ಬಿಡಿ’ ಅನ್ನುತ್ತಾರೆ. ಸಾಲಗಾರರ ಪಾಸ್‌ಬುಕ್ಕಿಗೂ ಸಂಘದ ಲೆಡ್ಜರಿಗೂ ತಾಳೆ ತಪ್ಪುವುದು ಆ ಒಂದು ರೂಪಾಯಿಯಿಂದಲೇ.

ಒಂದು ಲೆಕ್ಕ ಹಿಡಿಯೋಣ. ಸಾಲ 50,000 ರೂಪಾಯಿ, ವರ್ಷಕ್ಕೆ ಶೇ 12 ಬಡ್ಡಿ, 12 ತಿಂಗಳ ಕಂತು. ಬಡ್ಡಿ ಉಳಿದ ಬಾಕಿಯ ಮೇಲೆ ಮಾತ್ರ. ಫ್ಲ್ಯಾಟ್ ಬಡ್ಡಿಯಾದರೆ ವರ್ಷಪೂರ್ತಿ 50,000ಕ್ಕೇ ಬಡ್ಡಿ ಹಾಕಿ 6,000 ವಸೂಲಿ ಮಾಡುತ್ತಾರೆ. ತೀರಿಸಿದ ಅಸಲಿಗೂ ಬಡ್ಡಿ ಕೇಳುವ ಆ ಪದ್ಧತಿ ನನಗೆ ಒಪ್ಪಿಗೆಯಿಲ್ಲ, ಈ ಪಟ್ಟಿಗೂ ಅದು ಹೊಂದುವುದಿಲ್ಲ.

ಎಕ್ಸೆಲ್ ಹಾಳೆಯಲ್ಲಿ B1ಗೆ ಸಾಲ, B2ಗೆ ಬಡ್ಡಿದರ, B3ಗೆ ತಿಂಗಳು, B5ಗೆ ಸಾಲ ಕೊಟ್ಟ ದಿನಾಂಕ ಬರೆಯಿರಿ. ಬಡ್ಡಿದರವನ್ನು 12% ಎಂದೇ ಟೈಪ್ ಮಾಡಿ. ಬರೀ 12 ಎಂದು ಹಾಕಿದರೆ ತಿಂಗಳ ಕಂತು 50,012 ಎಂದು ಬಂದು ಎದೆ ಧಸಕ್ಕೆನ್ನುತ್ತದೆ. B4ರಲ್ಲಿ ಕಂತು:

```
=ROUND(PMT(B2/12,B3,-B1),0)
```

ಉತ್ತರ 4,442. ನಿಜವಾದ ಮೊತ್ತ 4,442.44. ಎಡವಟ್ಟು ಶುರುವಾಗುವುದು ಇಲ್ಲೇ.

ಹೆಚ್ಚಿನವರು ROUND ಬಿಟ್ಟು, ಸೆಲ್ ಫಾರ್ಮ್ಯಾಟಿನಲ್ಲಿ ಪೈಸೆಯನ್ನು ಮರೆಮಾಡುತ್ತಾರೆ. ಕಣ್ಣಿಗೆ ಕಾಣದಿದ್ದರೂ ಪೈಸೆ ಒಳಗೇ ಇರುತ್ತದೆ. ಎರಡನೇ ತಿಂಗಳ ಸಾಲನ್ನೇ ನೋಡಿ. ಬಡ್ಡಿ 460.58, ಕಾಣುವುದು 461. ಅಸಲು 3,981.86, ಕಾಣುವುದು 3,982. ಎರಡನ್ನೂ ಕೂಡಿಸಿದರೆ 4,443. ಪಕ್ಕದಲ್ಲೇ ಕಂತು 4,442 ಎಂದಿದೆ! ಕ್ಯಾಲ್ಕುಲೇಟರ್ ಹಿಡಿದು ಕೂತ ಸಾಲಗಾರರಿಗೆ ಏನು ಉತ್ತರ ಕೊಡುತ್ತೀರಿ? ಆದ್ದರಿಂದ ಬಡ್ಡಿಯನ್ನು ಪ್ರತಿ ತಿಂಗಳೂ ನಿಜವಾಗಿ ರೂಪಾಯಿಗೆ ಸರಿಪಡಿಸಿ, ಕಂತಿನಲ್ಲಿ ಅದನ್ನು ಕಳೆದು ಉಳಿದದ್ದನ್ನು ಅಸಲು ಎನ್ನಿ. ಅಸಲಿಗೆ ಬೇರೆ ROUND ಬೇಡ.

ಏಳನೇ ಸಾಲಿನಿಂದ ಪಟ್ಟಿ ಶುರು ಮಾಡಿ. A ಕಾಲಮ್ಮಿನಲ್ಲಿ ಕಂತಿನ ಸಂಖ್ಯೆ. ನಂತರ ದಿನಾಂಕ, ಆರಂಭದ ಬಾಕಿ, ಕಂತು, ಬಡ್ಡಿ, ಅಸಲು, ಉಳಿದ ಬಾಕಿ:

```
B7: =EDATE($B$5,A7)
C7: =B1
D7: =IF(A7=$B$3,C7+E7,$B$4)
E7: =ROUND(C7*$B$2/12,0)
F7: =D7-E7
G7: =C7-F7
C8: =G7
```

C8 ಅನ್ನು C ಕಾಲಮ್ಮಿನಲ್ಲಿ, ಉಳಿದವನ್ನು ಏಳನೇ ಸಾಲಿನಿಂದ ಕೆಳಕ್ಕೆ ಎಳೆಯಿರಿ. ಡಾಲರ್ ಗುರುತು ಮರೆತರೆ ಎಳೆದಾಗ ಬಡ್ಡಿದರದ ಸೆಲ್ ಕೆಳಗೆ ಜಾರಿ ಲೆಕ್ಕ ಹುಚ್ಚಾಗುತ್ತದೆ. ದಿನಾಂಕವನ್ನು ಯಾವಾಗಲೂ ಸಾಲ ಕೊಟ್ಟ ದಿನದಿಂದಲೇ ಎಣಿಸಿ. ಹಿಂದಿನ ಕಂತಿನಿಂದ ಎಣಿಸಿದರೆ 31ನೇ ತಾರೀಕಿನ ಸಾಲ ಫೆಬ್ರವರಿಯಲ್ಲಿ 28ಕ್ಕೆ ಇಳಿದು ಮತ್ತೆ ಮೇಲೇಳುವುದೇ ಇಲ್ಲ.

ಮೊದಲ ತಿಂಗಳು ಬಡ್ಡಿ 500, ಅಸಲು 3,942, ಬಾಕಿ 46,058. ಎರಡನೇ ತಿಂಗಳು 461, 3,981, ಬಾಕಿ 42,077. ಹೀಗೇ ಸಾಗಿ 11ನೇ ಕಂತಿನ ನಂತರ 4,406 ಉಳಿಯುತ್ತದೆ. ಅದಕ್ಕೆ ಬಡ್ಡಿ 44. ಕೊನೆಯ ಕಂತು 4,450, ಅಂದರೆ ಬೇರೆ ಕಂತುಗಳಿಗಿಂತ 8 ರೂಪಾಯಿ ಜಾಸ್ತಿ. ಬಿಟ್ಟ ಪೈಸೆಗಳೆಲ್ಲ ಬಂದು ಸೇರುವುದು ಇಲ್ಲಿಗೆ. ಒಟ್ಟು ಬಡ್ಡಿ 3,312. ಕೊನೆಯ ಕಂತು ಬೇರೆಯಾಗುತ್ತದೆ ಎಂದು ಸಾಲ ಕೊಡುವ ದಿನವೇ ಹೇಳಿ, ಪಟ್ಟಿಯಲ್ಲೂ ತೋರಿಸಿ.

ಕೊನೆಗೆ ಬಾಕಿ ಸೊನ್ನೆ ಬಂತೆಂದು ಬೀಗಬೇಡಿ. D ಕಾಲಮ್ಮಿನ IF ಅದನ್ನು ಹೇಗೂ ಸೊನ್ನೆ ಮಾಡುತ್ತದೆ. ಪರೀಕ್ಷಿಸಬೇಕಾದ್ದು ಕೊನೆಯ ಕಂತಿನ ವ್ಯತ್ಯಾಸವನ್ನು. 12 ಕಂತಿನ ಸಾಲದಲ್ಲಿ ಅದು ಹತ್ತು-ಹನ್ನೆರಡು ರೂಪಾಯಿ ದಾಟಬಾರದು. ನೂರಾರು ಬಂದರೆ ಮಧ್ಯೆ ಯಾರೋ ಸೂತ್ರದ ಮೇಲೆ ಸುಮ್ನೆ ಅಂಕಿ ಟೈಪ್ ಮಾಡಿದ್ದಾರೆ ಅಂತಲೇ ಲೆಕ್ಕ.

ಮೊಬೈಲಿನ ಉಚಿತ ಕಂತಿನ ಆ್ಯಪ್‌ಗಳು ಚಂದದ ಬಣ್ಣದ ಚಿತ್ರ ತೋರಿಸುತ್ತವೆ. ನಾನು ನೋಡಿದ ಹೆಚ್ಚಿನವು ಪೈಸೆಯನ್ನು ಮರೆಮಾಡುವ ಜಾತಿಯವೇ. ಅಂದಾಜಿಗೆ ಸರಿ, ದಾಖಲೆಗೆ ಬೇಡ.

ಸಾಲಗಾರರು ಮಧ್ಯೆ ದೊಡ್ಡ ಮೊತ್ತ ಕಟ್ಟಿದರೆ ಹಳೇ ಪಟ್ಟಿಯನ್ನು ತಿದ್ದಬೇಡಿ, ಹೊಸ ಹಾಳೆ ತೆರೆಯಿರಿ. ಆರನೇ ಕಂತಿನ ದಿನ ಬಾಕಿ 25,750 ಇದ್ದಾಗ ಇನ್ನೂ 10,000 ಕಟ್ಟಿದರು ಅನ್ನಿ. ಹೊಸ ಸಾಲ 15,750. ಕಂತು 4,442 ಹಾಗೇ ಇಟ್ಟರೆ 10ನೇ ತಿಂಗಳಿಗೇ ಮುಗಿಯುತ್ತದೆ, ಕೊನೆಯ ಕಂತು 2,796. ಕಂತು ಇಳಿಸಬೇಕೋ, ತಿಂಗಳು ಇಳಿಸಬೇಕೋ ಎಂದು ಅವರನ್ನೇ ಕೇಳಿ, ಹೊಸ ಪಟ್ಟಿಗೆ ಸಹಿ ಹಾಕಿಸಿ, ಹಳೆಯದರ ಹಿಂದೆ ಪಿನ್ ಮಾಡಿ ಫೈಲಿಗೆ ಸೇರಿಸಿ.